ಹಳೆ ಆವೃತ್ತಿ, ಹೊಸ ಆವೃತ್ತಿ: ಸೇಲ್ಸ್ ಟೀಮಿಗೆ ಹೋಲಿಕೆ ಸ್ಲೈಡ್ ಮಾಡಿದ ನನ್ನ ಅನುಭವ

ಗೋದಾಮುಗಳ ಸ್ಟಾಕ್ ಲೆಕ್ಕ ಇಡುವ ಸಾಫ್ಟ್‌ವೇರ್ ಒಂದಕ್ಕೆ ಮಾರಾಟದ ಸಾಮಗ್ರಿ ಸಿದ್ಧಪಡಿಸುವುದು ನನ್ನ ಕೆಲಸ. ಅದರ ನಾಲ್ಕನೇ ಆವೃತ್ತಿ ಬಂದಾಗ ಡೆವಲಪರ್‌ಗಳು ಕೊಟ್ಟ ರಿಲೀಸ್ ನೋಟ್ಸ್‌ನಲ್ಲಿ 42 ಬದಲಾವಣೆಗಳಿದ್ದವು. ಎಲ್ಲವನ್ನೂ ಒಂದು ಟೇಬಲ್‌ಗೆ ಹಾಕಿ, ಹಳೆಯದಕ್ಕೊಂದು ಕಾಲಂ, ಹೊಸದಕ್ಕೊಂದು ಕಾಲಂ ಮಾಡಿ, ಇದ್ದರೆ ಟಿಕ್, ಇಲ್ಲದಿದ್ದರೆ ಇಂಟು ಮಾರ್ಕ್ ಹಾಕಿಕೊಡಿ ಎಂದು ಸೇಲ್ಸ್ ಮ್ಯಾನೇಜರ್ ಕೇಳಿದರು. ನಾನು ಒಪ್ಪಲಿಲ್ಲ. ಯಾಕೆಂದು ಅವರಿಗೆ ಒಂದೇ ಸಾಲು ತೋರಿಸಿ ವಿವರಿಸಿದೆ.

ಆ ಸಾಲು ಆಫ್‌ಲೈನ್ ಸ್ಕ್ಯಾನಿಂಗ್‌ನದು. ನೆಟ್‌ವರ್ಕ್ ಇಲ್ಲದ ಜಾಗದಲ್ಲೂ ಸರಕಿನ ಬಾರ್‌ಕೋಡ್ ಸ್ಕ್ಯಾನ್ ಮಾಡುವ ಸೌಲಭ್ಯ ಮೂರನೇ ಆವೃತ್ತಿಯಲ್ಲೂ ಇತ್ತು. ಆದರೆ ಸ್ಕ್ಯಾನ್ ಮಾಡಿದ್ದು ಆ್ಯಪ್ ತೆರೆದಿರುವವರೆಗೆ ಮಾತ್ರ ಉಳಿಯುತ್ತಿತ್ತು. ನೆಟ್‌ವರ್ಕ್ ಸಿಗುವ ಜಾಗಕ್ಕೆ ಬಂದು Sync ಒತ್ತುವ ಮೊದಲು ಬ್ಯಾಟರಿ ಮುಗಿದರೆ ಎಣಿಕೆಯನ್ನು ಮೊದಲಿಂದ ಮಾಡಬೇಕಿತ್ತು. ನಾಲ್ಕನೇ ಆವೃತ್ತಿ ಪ್ರತಿ ಸ್ಕ್ಯಾನನ್ನೂ ಆಗಿಂದಾಗಲೇ ಡಿವೈಸ್‌ನಲ್ಲಿ ಬರೆದಿಟ್ಟುಕೊಂಡು, ನೆಟ್‌ವರ್ಕ್ ಬಂದ ಕೂಡಲೇ ತಾನಾಗಿ ಕಳಿಸುತ್ತದೆ. ಗ್ರಾಹಕರ ಮಟ್ಟಿಗೆ ಇಡೀ ಬಿಡುಗಡೆಯಲ್ಲಿ ಇದೇ ದೊಡ್ಡ ಬದಲಾವಣೆ. ಟಿಕ್ ಟೇಬಲ್‌ನಲ್ಲಿ ಮಾತ್ರ ಎರಡೂ ಕಡೆ ಟಿಕ್ ಬೀಳುತ್ತದೆ, ವ್ಯತ್ಯಾಸ ಕಾಣುವುದೇ ಇಲ್ಲ.

ಹಾಗಾಗಿ ಫೀಚರ್ ಹೆಸರುಗಳನ್ನು ಬಿಟ್ಟು, ಗೋದಾಮಿನಲ್ಲಿ ನಡೆಯುವ ಕೆಲಸಗಳನ್ನು ಸಾಲುಗಳಾಗಿ ಇಟ್ಟುಕೊಂಡೆ. ಮೊದಲ ಕಾಲಂನಲ್ಲಿ ಕೆಲಸ, ಎರಡನೆಯದರಲ್ಲಿ ಹಳೆ ಆವೃತ್ತಿಯಲ್ಲಿ ಅದು ಹೇಗೆ ಆಗುತ್ತಿತ್ತು, ಮೂರನೆಯದರಲ್ಲಿ ಈಗ ಹೇಗೆ ಆಗುತ್ತದೆ. ಮೇಲಿನ ಸಾಲು ಕೊನೆಗೆ ಹೀಗಾಯಿತು: «ನೆಟ್‌ವರ್ಕ್ ಇಲ್ಲದ ಕಡೆ ಸ್ಟಾಕ್ ಎಣಿಸುವುದು. ಹಳೆಯದು: Sync ಒತ್ತುವ ತನಕ ಆ್ಯಪ್ ಮುಚ್ಚುವಂತಿಲ್ಲ. ಹೊಸದು: ಡಿವೈಸ್ ಆಫ್ ಆದರೂ ಎಣಿಕೆ ಉಳಿಯುತ್ತದೆ, ತಾನಾಗಿ ಸಿಂಕ್ ಆಗುತ್ತದೆ.» ಪ್ರತಿ ಕೋಶದಲ್ಲೂ ಒಂದು ಕ್ರಿಯಾಪದ ಇರಲೇಬೇಕು ಎಂಬ ನಿಯಮ ಹಾಕಿಕೊಂಡೆ. «ಸುಧಾರಿತ», «ವೇಗವಾದ» ಎಂಬ ಬರೀ ವಿಶೇಷಣಗಳು ಇದರಿಂದ ತಾವಾಗಿಯೇ ಹೊರಬಿದ್ದವು.

42ರಲ್ಲಿ ಯಾವುದನ್ನು ಉಳಿಸಿಕೊಳ್ಳುವುದು? ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳಿದೆ: ಅಪ್‌ಗ್ರೇಡ್ ಆದ ಮಾರನೇ ದಿನ ಗೋದಾಮಿನಲ್ಲಿ ಯಾರಾದರೂ ತಮ್ಮ ಕೆಲಸವನ್ನು ಬೇರೆ ರೀತಿ ಮಾಡುತ್ತಾರೆಯೇ? ಡೇಟಾಬೇಸ್ ಬದಲಾವಣೆ, ಸಣ್ಣಪುಟ್ಟ ದೋಷಗಳ ದುರಸ್ತಿ, ಬಟನ್ ಬಣ್ಣ ಎಲ್ಲ ಅಲ್ಲೇ ಜಾರಿಹೋದವು. ಮುಖ್ಯ ಸ್ಲೈಡ್‌ನಲ್ಲಿ ಆರು ಸಾಲು ಉಳಿದವು. ಇನ್ನು ಕೆಲವು, ಗ್ರಾಹಕರ ಐಟಿ ವಿಭಾಗದವರು ಕೇಳಬಹುದಾದವು, ಅನುಬಂಧದ ಸ್ಲೈಡ್‌ಗಳಿಗೆ ಹೋದವು.

ಹೆಚ್ಚು ಹೊತ್ತು ಹಿಡಿದದ್ದು ಅಂಕಿಗಳ ಸಾಲು. ಒಳಬರುವ ಸರಕನ್ನು ದಾಖಲಿಸುವ ಕೆಲಸ ಹಳೆಯದರಲ್ಲಿ 25 ನಿಮಿಷ, ಹೊಸದರಲ್ಲಿ 9 ನಿಮಿಷ ಎಂದು ಟೆಸ್ಟಿಂಗ್ ತಂಡ ಹೇಳಿತ್ತು. ಅವರ ಪಕ್ಕ ಕೂತು ಅಳತೆ ಹೇಗೆ ಮಾಡಿದರೆಂದು ನೋಡಿದೆ. 200 ಸಾಲಿನ ಒಂದೇ ಇನ್‌ವಾಯ್ಸ್, ಒಂದೇ ಡಿವೈಸ್, ಒಂದೇ ವೈಫೈ. ಅಲ್ಲಿಯವರೆಗೆ ಸರಿ. ಆದರೆ ಪ್ರತಿ ಪೆಟ್ಟಿಗೆಯ ಮೇಲೂ ಬಾರ್‌ಕೋಡ್ ಇತ್ತು. ಬಾರ್‌ಕೋಡ್ ಇಲ್ಲದ ಸರಕಿನಲ್ಲಿ ಇನ್ನೊಮ್ಮೆ ಮಾಡಿಸಿದಾಗ ಹಳೆಯದಕ್ಕೂ ಹೊಸದಕ್ಕೂ ಅಂತರ ಬಹುತೇಕ ಅಳಿಸಿಹೋಯಿತು, ಯಾಕೆಂದರೆ ಎರಡರಲ್ಲೂ ಕೈಯಲ್ಲೇ ಟೈಪ್ ಮಾಡಬೇಕು. «ಸುಮಾರು ಮೂರು ಪಟ್ಟು ವೇಗ» ಎಂದು ದೊಡ್ಡಕ್ಷರದಲ್ಲಿ ಹಾಕಬಹುದಿತ್ತು. ಆದರೆ ಸೇಲ್ಸ್‌ನವರು ಸ್ಲೈಡನ್ನು ನೋಡಿ ಓದುವುದಿಲ್ಲ, ನೆನಪಿನಿಂದ ಹೇಳುತ್ತಾರೆ. ಷರತ್ತು ಬೇರೆ, ಅಂಕಿ ಬೇರೆ ಕಡೆ ಇದ್ದರೆ ನೆನಪಿನಲ್ಲಿ ಉಳಿಯುವುದು ಅಂಕಿ ಮಾತ್ರ. ಅದಕ್ಕೆ ಷರತ್ತನ್ನು ಅಡಿಟಿಪ್ಪಣಿಗೆ ತಳ್ಳದೆ ಕೆಲಸದ ಹೆಸರಿನೊಳಗೇ ಸೇರಿಸಿದೆ: «ಬಾರ್‌ಕೋಡ್ ಇರುವ 200 ಸಾಲಿನ ಸರಕು ದಾಖಲಿಸುವುದು: 25 ನಿಮಿಷ ಹಿಡಿಯುತ್ತಿತ್ತು, 9 ನಿಮಿಷ ಹಿಡಿಯುತ್ತದೆ».

ಹೊಸದರಲ್ಲಿ ಕಳೆದುಹೋದದ್ದೂ ಇತ್ತು. ಗ್ರಾಹಕರು ತಮಗೆ ಬೇಕಾದ ಹಾಗೆ ವಿನ್ಯಾಸ ಮಾಡಿಕೊಂಡ ಲೇಬಲ್‌ಗಳು ನಾಲ್ಕನೇ ಆವೃತ್ತಿಗೆ ತಾವಾಗಿ ಬರುತ್ತಿರಲಿಲ್ಲ, ಮತ್ತೆ ಮಾಡಿಕೊಳ್ಳಬೇಕಿತ್ತು. ಹಳೆ ಮಾದರಿಯ ಕೆಲವು ಸ್ಕ್ಯಾನರ್‌ಗಳಿಗೂ ಬೆಂಬಲ ನಿಂತಿತ್ತು. ಇವೆರಡನ್ನೂ ಅದೇ ಟೇಬಲ್‌ನ ಕೊನೆಗೆ, ಅದೇ ಅಕ್ಷರ ಗಾತ್ರದಲ್ಲಿ ಹಾಕಿದೆ. ಮ್ಯಾನೇಜರ್‌ಗೆ ಇದು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ನನ್ನ ವಾದ ಇಷ್ಟೇ: ಲೇಬಲ್ ಮುದ್ರಣ ನಿಂತರೆ ಸರಕು ಗೋದಾಮಿನಿಂದ ಹೊರಡುವುದಿಲ್ಲ, ಅಂದೇ ಫೋನ್ ಬರುತ್ತದೆ. ಮಾರಿದವರು ಮೊದಲೇ ಹೇಳಿದ್ದರೆ ಅದು ಅಪ್‌ಗ್ರೇಡ್ ತಯಾರಿಯ ಒಂದು ಹೆಜ್ಜೆ, ಹೇಳದಿದ್ದರೆ ಮುಚ್ಚಿಟ್ಟ ವಿಷಯ. ಬದಲಿಯಾಗಿ ಏನು ಮಾಡಬೇಕು ಎಂಬುದನ್ನೂ ಅಲ್ಲೇ ಬರೆದೆವು: ಲೇಬಲ್ ಮತ್ತೆ ಮಾಡಿಕೊಡುವವರು ನಮ್ಮ ಸಪೋರ್ಟ್ ತಂಡ, ಅಪ್‌ಗ್ರೇಡ್‌ಗೆ ಮುಂಚೆ ಮಾದರಿಗಳನ್ನು ಕಳಿಸಬೇಕು.

«ಹಳೆಯದು» ಎಂದರೆ ಯಾವುದು ಎಂಬುದನ್ನೂ ಇತ್ಯರ್ಥ ಮಾಡಬೇಕಿತ್ತು. ಕೆಲವು ಗ್ರಾಹಕರು 3.6ರಲ್ಲಿದ್ದರು, ಇನ್ನು ಕೆಲವರು 3.1ರಲ್ಲೇ ಉಳಿದಿದ್ದರು. ಬ್ಯಾಚ್ ಪ್ರಕಾರ ಅವಧಿ ಮುಗಿಯುವ ಎಚ್ಚರಿಕೆ 3.4ರಲ್ಲೇ ಬಂದಿತ್ತು. 3.6ರವರ ಮುಂದೆ ಅದನ್ನು ಹೊಸತೆಂದು ತೋರಿಸಿದರೆ, ತಮ್ಮ ಬಳಿ ಏನಿದೆಯೆಂದೇ ಇವರಿಗೆ ಗೊತ್ತಿಲ್ಲ ಎಂದು ಅವರಿಗೆ ಅನಿಸುತ್ತದೆ. ಹೆಡರ್‌ನಲ್ಲಿ «ಹಳೆಯದು» ಎಂಬ ಮಾತು ತೆಗೆದು 3.6 ಎಂದೇ ಬರೆದೆ, 3.1ರವರಿಗೆ ಹೆಚ್ಚುವರಿ ಸಾಲುಗಳ ಪ್ರತ್ಯೇಕ ಸ್ಲೈಡ್ ಮಾಡಿದೆ. ಭೇಟಿಗೆ ಮೊದಲು ಗ್ರಾಹಕರ ಆವೃತ್ತಿ ನೋಡಿಕೊಳ್ಳಿ ಎಂಬ ಸೂಚನೆ ಸೇಲ್ಸ್‌ನವರಿಗೆ ಬರೆದ ಟಿಪ್ಪಣಿಯ ಮೊದಲ ಸಾಲಾಯಿತು.

ಬಣ್ಣದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಹಳೆಯದಕ್ಕೆ ಬೂದು, ಹೊಸದಕ್ಕೆ ಕಂಪನಿಯ ಒಂದು ಬಣ್ಣ, ಕೆಂಪು ಎಲ್ಲೂ ಇಲ್ಲ. ಎದುರು ಕೂತವರು ಇವತ್ತಿಗೂ ಆ ಹಳೆಯದರಲ್ಲೇ ಕೆಲಸ ಮಾಡುತ್ತಿರುತ್ತಾರೆ, ಅವರು ಕೊಂಡದ್ದಕ್ಕೆ ಇಂಟು ಮಾರ್ಕ್ ಹಾಕುವುದು ಸರಿಯಲ್ಲ. ಸ್ಕ್ರೀನ್‌ಶಾಟ್‌ಗಳನ್ನು ಎರಡೂ ಆವೃತ್ತಿಯಲ್ಲಿ ಒಂದೇ ಇನ್‌ವಾಯ್ಸ್ ತೆರೆದು, ಒಂದೇ ಅಳತೆಗೆ ಕತ್ತರಿಸಿದೆ. ಡೇಟಾ ಬೇರೆಯಾದರೆ ಕಣ್ಣು ಪರದೆಯ ವ್ಯತ್ಯಾಸ ಬಿಟ್ಟು ಡೇಟಾದ ವ್ಯತ್ಯಾಸ ಹುಡುಕತೊಡಗುತ್ತದೆ.

ಪವರ್‌ಪಾಯಿಂಟ್‌ನ Notes ಭಾಗದಲ್ಲಿ ಪ್ರತಿ ಸಾಲಿಗೂ ಗ್ರಾಹಕರಿಗೆ ಕೇಳಬೇಕಾದ ಒಂದು ಪ್ರಶ್ನೆ ಬರೆದಿದ್ದೆ, ಉದಾಹರಣೆಗೆ «ನಿಮ್ಮಲ್ಲಿ ಬಾರ್‌ಕೋಡ್ ಇಲ್ಲದೆ ಬರುವ ಸರಕು ಎಷ್ಟು?» ಇವು ಒಳಗಿನವರಿಗೆ ಮಾತ್ರ. ಫೈಲನ್ನು ಹಾಗೇ ಮೇಲ್ ಮಾಡಿದರೆ ಈ ಟಿಪ್ಪಣಿಗಳೂ ಅದರ ಜೊತೆಗೇ ಹೋಗುತ್ತವೆ, ಆದ್ದರಿಂದ ಹೊರಗೆ ಕಳಿಸಲು ಒಂದು ಪ್ರತಿ ಮಾಡಿಕೊಂಡು, Inspect Document ಬಳಸಿ ಟಿಪ್ಪಣಿ ತೆಗೆದು ಪಿಡಿಎಫ್ ಮಾಡಿಟ್ಟೆ.

ಸ್ಲೈಡ್‌ಗಳನ್ನು ಹಂಚುವ ಮೊದಲು ಸೇಲ್ಸ್ ತಂಡದ ಇಬ್ಬರನ್ನು ಕೂರಿಸಿ, ನಾನು ಏನೂ ವಿವರಿಸದೆ, ಗ್ರಾಹಕರಿಗೆ ಹೇಳುವ ಹಾಗೆ ಹೇಳಿ ಎಂದೆ. ಅವರು ತಡವರಿಸಿದ ಕಡೆಯೆಲ್ಲ ಗುರುತು ಮಾಡಿಕೊಂಡೆ. «ಬಹು ಗೋದಾಮು ವರ್ಗಾವಣೆ ಅನುಮೋದನೆ» ಎಂಬ ಸಾಲಿಗೆ ಇಬ್ಬರೂ ನಿಂತರು. ಒಬ್ಬರು ನೇರವಾಗಿ ಕೇಳಿದರು, «ಸರ್, ಇದರಲ್ಲಿ ಓಕೆ ಒತ್ತೋದು ಯಾರು? ಕಳಿಸೋರಾ, ತಗೊಳ್ಳೋರಾ?» ಉತ್ತರ: ತೆಗೆದುಕೊಳ್ಳುವ ಗೋದಾಮಿನವರು. ಆ ಸಾಲನ್ನು «ಇನ್ನೊಂದು ಗೋದಾಮಿಗೆ ಸರಕು ಕಳಿಸಿದಾಗ, ಪಡೆದವರು ಒಪ್ಪಿದ ಮೇಲಷ್ಟೇ ಅವರ ಸ್ಟಾಕ್‌ಗೆ ಸೇರುತ್ತದೆ» ಎಂದು ಬದಲಿಸಿದೆ. ಎರಡನೇ ಸುತ್ತಿನಲ್ಲಿ ಇಬ್ಬರೂ ಅದನ್ನು ತಮ್ಮದೇ ಮಾತಿನಲ್ಲಿ, ನಿಲ್ಲದೆ ಹೇಳಿದರು.

ಈಗ ಆ ಡೆಕ್ ಹಂಚಿದ ಫೋಲ್ಡರ್‌ನಲ್ಲಿ ಒಂದೇ ಪ್ರತಿಯಾಗಿ ಇದೆ, ಪ್ರತಿ ಸ್ಲೈಡ್‌ನ ಕೆಳಗೆ ಆವೃತ್ತಿ ಸಂಖ್ಯೆ ಮತ್ತು ದಿನಾಂಕ ಇದೆ. 4.1ರಲ್ಲಿ ಹಳೆ ಲೇಬಲ್‌ಗಳನ್ನು ಆಮದು ಮಾಡಿಕೊಳ್ಳುವ ಸೌಲಭ್ಯ ಬಂದಾಗ ಕೊನೆಯ ಎರಡು ಸಾಲುಗಳಲ್ಲಿ ಒಂದನ್ನು ತಿದ್ದಿದೆ. ಸ್ಕ್ಯಾನರ್‌ಗಳ ಸಾಲು ಹಾಗೇ ಇದೆ.