ಶೇಕಡ 1, ಆದರೆ ಯಾವುದರ ಮೇಲೆ? ಕಿರಾಣಿ ಅಂಗಡಿಯಿಂದ ಹೆಚ್ಚು ಕಟ್ಟಿದ ತೆರಿಗೆಯ ಲೆಕ್ಕ

ಜಿಎಸ್‌ಟಿಯ ಕಾಂಪೋಸಿಷನ್ ಪದ್ಧತಿಯಲ್ಲಿರುವ ಕಿರಾಣಿಯವರು ಮೂರು ತಿಂಗಳಿಗೊಮ್ಮೆ CMP-08 ಫಾರಂ ತುಂಬಿ ಶೇಕಡ 1 ಕಟ್ಟುತ್ತೇವೆ, ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಈ ಶೇಕಡ 1 ಯಾವ ಮೊತ್ತದ ಮೇಲೆ ಅನ್ನುವುದನ್ನು ನಾನು ಕೇಳಿಯೇ ಇರಲಿಲ್ಲ. ತಯಾರಕರಾದರೆ ಒಟ್ಟು ವಹಿವಾಟಿನ ಮೇಲೆ. ಕೊಂಡು ಮಾರುವ ವ್ಯಾಪಾರಿಗೆ 2018ರ ಜನವರಿ 1ರಿಂದ ತೆರಿಗೆ ಬೀಳುವ ಮಾಲಿನ ಮಾರಾಟದ ಮೇಲೆ ಮಾತ್ರ. ಬಿಡಿ ಅಕ್ಕಿ, ಹಾಲು, ಈರುಳ್ಳಿ, ಮೊಟ್ಟೆ ಮಾರಿದ ದುಡ್ಡಿಗೆ ಏನೂ ಕಟ್ಟಬೇಕಿಲ್ಲ.

ತಪ್ಪಾಗುವುದು ಫಾರಂನ ಮೊದಲ ಸಾಲಿನಲ್ಲೇ. ಅಲ್ಲಿ Outward supplies (including exempt supplies) ಎಂದಿದೆ. ಅಂದರೆ ತೆರಿಗೆ ಇಲ್ಲದ ಮಾಲನ್ನೂ ಸೇರಿಸಿ ಒಟ್ಟು ಮಾರಾಟ ಬರೆಯಬೇಕು. ಅದು ಸರಿ. ಆದರೆ ಪಕ್ಕದ ತೆರಿಗೆ ಕಾಲಮ್ಮಿಗೆ ಬರೆಯಬೇಕಾದದ್ದು ಆ ಒಟ್ಟಿನ ಶೇಕಡ 1 ಅಲ್ಲ. ನನ್ನ ಲೆಕ್ಕ ಬರೆಯುವವರು ಎರಡನ್ನೂ ಒಂದೇ ಅಂದುಕೊಂಡು ಪ್ರತಿ ಸಲ ಒಟ್ಟನ್ನೇ ನೂರರಿಂದ ಭಾಗಿಸಿ ಹಾಕುತ್ತಿದ್ದರು. ಹೆಚ್ಚು ಕಟ್ಟಿದರೆ ಯಾರೂ ನೋಟಿಸ್ ಕಳಿಸುವುದಿಲ್ಲವಲ್ಲ, ಹಾಗಾಗಿ ಗೊತ್ತೂ ಆಗಲಿಲ್ಲ.

2024-25ರಲ್ಲಿ ತೋರಿಸಿದ್ದ ವಹಿವಾಟು 84,60,000, ಕಟ್ಟಿದ ತೆರಿಗೆ 84,600. ಈ ಒಂದು ವರ್ಷವನ್ನು ಹೇಗೆ ಬಿಚ್ಚಿದೆ ಎಂಬುದು ಕೆಳಗಿದೆ.

ಮೊದಲು ನೋಡಿದ್ದು 84,60,000 ಎಲ್ಲಿಂದ ಬಂತು ಅಂತ. ಯುಪಿಐಗೆ ಬಂದದ್ದು ಮತ್ತು ಬ್ಯಾಂಕಿಗೆ ಕಟ್ಟಿದ ನಗದು, ಎರಡನ್ನು ಕೂಡಿದ ಮೊತ್ತ ಅದು. ಬ್ಯಾಂಕ್ ಸ್ಟೇಟ್‌ಮೆಂಟನ್ನು ಎಕ್ಸೆಲ್‌ಗೆ ಇಳಿಸಿ, ಜಮೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದೆ. ನಮ್ಮಂಥ ಅಂಗಡಿಯಲ್ಲಿ ಗಿರಾಕಿಯೊಬ್ಬ ಒಂದೇ ಸಲಕ್ಕೆ 10,000 ದಾಟುವುದು ಮದುವೆ, ತಿಥಿಯ ಸಾಮಾನಿಗೆ ಮಾತ್ರ, ಅವೆಲ್ಲ ನೆನಪಿರುತ್ತವೆ. ಮೇಲಿನ ಸಾಲುಗಳಲ್ಲೇ ಭಾವಮೈದುನನಿಂದ ಪಡೆದ ಕೈಸಾಲ 1,50,000 ಮತ್ತು ನನ್ನದೇ ಉಳಿತಾಯ ಖಾತೆಯಿಂದ ತಿರುಗಿಸಿದ 65,000 ಸಿಕ್ಕವು. ಎರಡೂ ಮಾರಾಟವಲ್ಲ. ಕಳೆದರೆ ನಿಜವಾದ ಮಾರಾಟ 82,45,000. ಇದಕ್ಕೆ ಆಧಾರವಾಗಿ ಎರಡೂ ಖಾತೆಗಳ ಸ್ಟೇಟ್‌ಮೆಂಟ್‌ನ ಆಯಾ ಪುಟ ಮತ್ತು ಸಾಲದ ಒಂದು ಚೀಟಿಯನ್ನು ತೆಗೆದಿಟ್ಟೆ.

ಇನ್ನು ತೆರಿಗೆ ಇಲ್ಲದ ಮಾಲು ಎಷ್ಟು ಮಾರಿದೆ ಎಂಬುದು. ಪ್ರತಿ ಐಟಂಗೆ ಕಂಪ್ಯೂಟರ್ ಬಿಲ್ ಹಾಕುವವರಿಗೆ ಇದು ಒಂದು ಬಟನ್ ಒತ್ತುವ ಕೆಲಸ. ನನ್ನಲ್ಲಿ ಅದಿಲ್ಲ, ಹಾಗಾಗಿ ಖರೀದಿಯ ಕಡೆಯಿಂದ ಬರಬೇಕಾಯಿತು. ಮಂಡಿಯ ಬಿಲ್ಲುಗಳು, ಹಾಲಿನ ದಿನದ ಚೀಟಿ, ತರಕಾರಿ ತಂದ ದಿನ ಬರೆದ ಪುಸ್ತಕ, ಇಷ್ಟೇ ಸಾಮಗ್ರಿ. ಅಕ್ಕಿಯ ಲೆಕ್ಕ ಪೂರ್ತಿ ಕೊಡುತ್ತೇನೆ, ಉಳಿದದ್ದೆಲ್ಲ ಇದೇ ಥರ.

ವರ್ಷದ ಶುರುವಿಗೆ 14 ಚೀಲ ಇತ್ತು, 410 ಚೀಲ ಕೊಂಡೆ, ಕೊನೆಗೆ 24 ಉಳಿಯಿತು. ಹೋದದ್ದು 400 ಚೀಲ, ಒಂದೊಂದು 26 ಕೆ.ಜಿ.ಯಂತೆ 10,400 ಕೆ.ಜಿ. ಇದರಲ್ಲಿ ಮನೆಗೆ ಒಯ್ದದ್ದು 3 ಚೀಲ, 78 ಕೆ.ಜಿ. ತೂಕದಲ್ಲಿ, ಹುಳದಲ್ಲಿ, ಇಲಿಯಲ್ಲಿ ಹೋಗುವುದಕ್ಕೆ ನೂರಕ್ಕೆ ಒಂದರಂತೆ 104 ಕೆ.ಜಿ. ಬಿಟ್ಟೆ. ಉಳಿದ 10,218 ಕೆ.ಜಿ.ಗೆ ಸರಾಸರಿ ಮಾರಾಟ ದರ 58 ಹಿಡಿದರೆ 5,92,644. ಮನೆ ಬಳಕೆ ಮತ್ತು ಸವಕಳಿ ಬಿಡದೆ ಇದ್ದರೆ ತೆರಿಗೆ ಇಲ್ಲದ ಮಾರಾಟ ಸುಮಾರು 10,500 ರೂಪಾಯಿ ಉಬ್ಬುತ್ತಿತ್ತು. ತೆರಿಗೆಯಲ್ಲಿ ಅದು ನೂರೈದು ರೂಪಾಯಿ ಅಷ್ಟೆ, ಆದರೆ ನೋಡುವ ಅಧಿಕಾರಿಗೆ ಇಡೀ ಹಾಳೆಯ ಮೇಲೆ ಅನುಮಾನ ಬರಲು ಅಷ್ಟು ಸಾಕು.

ಚೀಲ 26 ಕೆ.ಜಿ. ಯಾಕೆ ಅನ್ನುವುದೂ ಇದಕ್ಕೇ ಸೇರಿದ್ದು. 2022ರ ಜುಲೈ 18ರಿಂದ ಅಕ್ಕಿ, ಬೇಳೆ, ಹಿಟ್ಟು ಮೊದಲೇ ಪ್ಯಾಕ್ ಆಗಿ ಲೇಬಲ್ ಹೊತ್ತು 25 ಕೆ.ಜಿ. ಒಳಗಿದ್ದರೆ ಶೇಕಡ 5 ತೆರಿಗೆ. ಅದಕ್ಕಿಂತ ಒಂದು ಕೆ.ಜಿ. ಹೆಚ್ಚಾದರೆ ಇಲ್ಲ, ಬಿಡಿಯಾಗಿ ತೂಗಿದರೂ ಇಲ್ಲ. ಅಂದಿನಿಂದ ಮಂಡಿಯಲ್ಲಿ 26ರ ಚೀಲ ಮಾಮೂಲಿಯಾಯಿತು. ಆದರೆ ಹಲವರು ಎಡವುವುದು 25ರ ಚೀಲದಲ್ಲಿ. ಶೇಕಡ 5 ಕೊಟ್ಟು 25 ಕೆ.ಜಿ. ಚೀಲ ತಂದು, ಹೊಲಿಗೆ ಬಿಚ್ಚಿ ಎರಡು ಕೆ.ಜಿ., ಐದು ಕೆ.ಜಿ. ತೂಗಿ ಕೊಟ್ಟರೆ ಆ ಮಾರಾಟ ಬಿಡಿ ಮಾಲಿನದು, ತೆರಿಗೆ ಇಲ್ಲ. ಕೇಂದ್ರದ ತೆರಿಗೆ ಮಂಡಳಿ 2022ರ ಜುಲೈನಲ್ಲಿ ಕೊಟ್ಟ ಪ್ರಶ್ನೋತ್ತರದಲ್ಲೇ ಇದನ್ನು ಹೇಳಿದೆ. ಅದೇ ಚೀಲವನ್ನು ಹೊಲಿಗೆ ಬಿಚ್ಚದೆ ಎತ್ತಿಕೊಟ್ಟರೆ ತೆರಿಗೆ ಇದೆ. ಹಾಗಾಗಿ ಖರೀದಿ ಬಿಲ್ಲಿನಲ್ಲಿ ತೆರಿಗೆ ಇದೆಯೋ ಇಲ್ಲವೋ ಎಂದಷ್ಟೇ ನೋಡಿ ವಿಂಗಡಿಸಿದರೆ ಲೆಕ್ಕ ಕೆಡುತ್ತದೆ. ನಮ್ಮ ಕೈಯಿಂದ ಮಾಲು ಹೇಗೆ ಹೋಯಿತು ಅನ್ನುವುದು ಮುಖ್ಯ.

ಇದರ ಉಲ್ಟಾ ಒಂದಿದೆ. ಸಂಜೆ ರಶ್‌ಗೆ ಅನುಕೂಲವಾಗಲಿ ಅಂತ ಮಧ್ಯಾಹ್ನ ಕೂತು ತೊಗರಿಬೇಳೆಯನ್ನು ಅರ್ಧ ಕೆ.ಜಿ., ಒಂದು ಕೆ.ಜಿ. ಕವರಿಗೆ ತುಂಬಿ ಸ್ಟೇಪ್ಲರ್ ಹೊಡೆದು ಇಡುತ್ತೇವೆ. ಗಿರಾಕಿ ಎದುರಿಗಿಲ್ಲದಾಗ ತೂಗಿ ಕಟ್ಟಿಟ್ಟದ್ದು ತೂಕ-ಅಳತೆ ಕಾನೂನಿನ ಕಣ್ಣಿಗೆ ಮೊದಲೇ ಪ್ಯಾಕ್ ಮಾಡಿದ ಮಾಲು. ಲೇಬಲ್ ಹಚ್ಚಿಲ್ಲ ಅನ್ನುವುದು ಉತ್ತರವಾಗುವುದಿಲ್ಲ, ಹಚ್ಚಬೇಕಿತ್ತು ಅನ್ನುತ್ತಾರೆ. ಈ ಕವರಿನ ಬೇಳೆಯನ್ನು ನಾನು ತೆರಿಗೆ ಇರುವ ಕಡೆಗೇ ಹಾಕಿದೆ. ಬಿಡಿ ಅಂದಕೂಡಲೇ ಎಲ್ಲವೂ ಮಾಫಿಯೂ ಅಲ್ಲ. ಸಕ್ಕರೆ, ಒಣಮೆಣಸಿನಕಾಯಿ, ಚಹಾಪುಡಿ ತೂಗಿ ಕೊಟ್ಟರೂ ತೆರಿಗೆಯವೇ. ಹಾಲಿನ ಪ್ಯಾಕೆಟ್‌ಗೆ ಇಲ್ಲ, ಅದೇ ಟ್ರೇಯ ಮೊಸರಿನ ಪ್ಯಾಕೆಟ್‌ಗೆ ಇದೆ. ಬೆಲ್ಲ ಬಿಡಿಯಾದರೆ ಇಲ್ಲ. ಕಸಪೊರಕೆಗೆ ಇಲ್ಲ, ಊದುಬತ್ತಿಗೆ ಇದೆ. ಇದು 2024-25ರ ಮಾತು. 2025ರ ಸೆಪ್ಟೆಂಬರ್ 22ರಿಂದ ಶಾಲೆಯ ನೋಟ್‌ಬುಕ್, ಪೆನ್ಸಿಲ್ ಕೂಡ ಶೂನ್ಯಕ್ಕೆ ಬಂದಿವೆ. ಆ ವರ್ಷದ ಲೆಕ್ಕ ಮಾಡುವವರು ಅವುಗಳ ಮಾರಾಟವನ್ನು ತಾರೀಖಿನಿಂದ ಎರಡು ಭಾಗ ಮಾಡಬೇಕಾಗುತ್ತದೆ.

ಅಕ್ಕಿ, ಬೇಳೆ-ರಾಗಿ-ಜೋಳ, ಹಾಲು, ತರಕಾರಿ-ಕಾಯಿ-ಮೊಟ್ಟೆ, ಉಪ್ಪು-ಅವಲಕ್ಕಿ-ಮಂಡಕ್ಕಿ, ಹೀಗೆ ಐದು ಹಾಳೆ ಮಾಡಿ ಕೂಡಿದಾಗ ತೆರಿಗೆ ಇಲ್ಲದ ಮಾರಾಟ 29,70,000 ಬಂತು. 82,45,000ರಲ್ಲಿ ಅದು ಹೋದರೆ ತೆರಿಗೆ ಬೀಳುವುದು 52,75,000. ತೆರಿಗೆ 52,750. ಹೆಚ್ಚು ಕಟ್ಟಿದ್ದು 31,850, ಕೇಂದ್ರಕ್ಕೆ 15,925, ರಾಜ್ಯಕ್ಕೆ ಅಷ್ಟೇ.

ಈ 52,75,000 ಅನ್ನುವುದು ಕಳೆದು ಉಳಿದ ಸಂಖ್ಯೆ. ಅದನ್ನು ಹಾಗೇ ನಂಬಬಾರದು, ಇನ್ನೊಂದು ದಾರಿಯಿಂದ ಬಂದು ನೋಡಬೇಕು. ಪೋರ್ಟಲ್‌ನಲ್ಲಿ GSTR-4A ತೆರೆದರೆ ನೋಂದಾಯಿತ ಸಗಟು ವ್ಯಾಪಾರಿಗಳು ನಮ್ಮ ಹೆಸರಿಗೆ ತೋರಿಸಿದ ಬಿಲ್ಲುಗಳು ಕಾಣುತ್ತವೆ. ಬಿಚ್ಚಿ ಬಿಡಿಯಾಗಿ ಮಾರಿದ 25ರ ಚೀಲಗಳ ಬಿಲ್ಲನ್ನು ತೆಗೆದ ಮೇಲೆ ಅಲ್ಲಿ ಉಳಿದದ್ದು 41,80,000, ಅದರ ಮೇಲಿನ ತೆರಿಗೆ 4,90,000. ಕಾಂಪೋಸಿಷನ್‌ನವರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಆದ್ದರಿಂದ ಕೊಟ್ಟ ತೆರಿಗೆಯೂ ಮಾಲಿನ ಅಸಲೇ: 46,70,000. ಇದಕ್ಕೆ ನನ್ನ ಸರಾಸರಿ ಲಾಭ ನೂರಕ್ಕೆ 12 ಸೇರಿಸಿದರೆ 52,30,400. ಎರಡು ದಾರಿಯ ಅಂತರ 44,600, ನೂರಕ್ಕೆ ಒಂದಕ್ಕೂ ಕಡಿಮೆ. ಮೊದಲ ಸಲ ಮಾಡಿದಾಗ ತೆರಿಗೆ ಸೇರಿಸದೆ 41,80,000ಕ್ಕೇ 12 ಹಾಕಿ, ಆರು ಲಕ್ಷ ಎಲ್ಲಿ ಹೋಯಿತು ಅಂತ ಎರಡು ಸಂಜೆ ಹುಡುಕಿದ್ದೆ. ಅಂತರ ಇಷ್ಟು ದೊಡ್ಡದಿದ್ದರೆ ಕೂಡುವುದರಲ್ಲಿ ತಪ್ಪಿಲ್ಲ, ಯಾವುದೋ ಒಂದು ಗುಂಪಿನ ಮಾಲೇ ತಪ್ಪು ಕಡೆ ಕೂತಿದೆ ಅಥವಾ ಅಸಲೇ ತಪ್ಪು ಎಂದು ತಿಳಿಯಬೇಕು. ಹೊಂದಿದ ಮೇಲೂ ಎರಡರಲ್ಲಿ ಹೆಚ್ಚಿನದನ್ನೇ, ಅಂದರೆ 52,75,000ವನ್ನೇ ಇಟ್ಟುಕೊಂಡೆ.

ದುಡ್ಡು ಹಿಂದಕ್ಕೆ ಪಡೆಯುವ ದಾರಿ ವರ್ಷದ ರಿಟರ್ನ್ ಹಾಕಿದ್ದೇವೆಯೇ ಎಂಬುದರ ಮೇಲೆ ನಿಂತಿದೆ. 2024-25ರ GSTR-4 ಇನ್ನೂ ಹಾಕಿರಲಿಲ್ಲ, ಜೂನ್ 30ರವರೆಗೆ ಸಮಯವಿತ್ತು. ಅದರ ಟೇಬಲ್ 6ರಲ್ಲಿ ಶೇಕಡ 1ರ ಸಾಲಿಗೆ 52,75,000 ಹಾಕಿದೆ. CMP-08ಗಳಲ್ಲಿ ಕಟ್ಟಿದ್ದು ಹೆಚ್ಚಾದ್ದರಿಂದ 31,850 Negative Liability Statementಗೆ ಹೋಯಿತು, ಮುಂದಿನ ತ್ರೈಮಾಸಿಕಗಳ ತೆರಿಗೆಗೆ ಅಲ್ಲಿಂದ ವಜಾ ಆಗುತ್ತದೆ. Services ಕೆಳಗಿನ Ledgers ಒಳಗೆ ಅದು ಕಾಣುತ್ತದೆ. ಒಂದು ಎಚ್ಚರ: ಟೇಬಲ್ 6 ಖಾಲಿ ಬಿಟ್ಟರೆ ವರ್ಷವಿಡೀ ಕಟ್ಟಿದ್ದೆಲ್ಲ ಹೆಚ್ಚುವರಿ ಎಂದು ಅಲ್ಲಿ ಕೂರುತ್ತದೆ. ಖುಷಿಪಟ್ಟು ಬಳಸಿಕೊಂಡರೆ ಆಮೇಲೆ ಬಡ್ಡಿ ಸಮೇತ ಕಟ್ಟಬೇಕಾದೀತು.

2023-24ರ ಕತೆ ಬೇರೆ. ಇದೇ ಕ್ರಮದಲ್ಲಿ ಲೆಕ್ಕ ಹಾಕಿದರೆ 28,280 ಹೆಚ್ಚಾಗಿತ್ತು, ಆದರೆ GSTR-4 ಆಗಲೇ ಸಲ್ಲಿಕೆಯಾಗಿತ್ತು, ಅದನ್ನು ತಿದ್ದಲು ಬರುವುದಿಲ್ಲ. ಉಳಿದದ್ದು ದುಡ್ಡು ವಾಪಸ್ ಕೇಳುವ ಅರ್ಜಿ RFD-01, ಅದರಲ್ಲಿ Excess payment of tax ಎಂಬ ಕಾರಣ. ಗಡುವು ತೆರಿಗೆ ಕಟ್ಟಿದ ದಿನದಿಂದ ಎರಡು ವರ್ಷ, ಒಂದೊಂದು ತ್ರೈಮಾಸಿಕಕ್ಕೂ ಬೇರೆ ಬೇರೆ. ಮೊದಲ ತ್ರೈಮಾಸಿಕ ಕಟ್ಟಿದ್ದು 2023ರ ಜುಲೈ 17ರಂದು. ನಾನು ಅರ್ಜಿ ಹಾಕಿದ್ದು 2025ರ ಜುಲೈ 9ರಂದು. ಅದಕ್ಕೂ ಹಿಂದಿನದು, ಅಂದರೆ 2023ರ ಏಪ್ರಿಲ್‌ನಲ್ಲಿ ಕಟ್ಟಿದ್ದು, ಹೋದ ಹಾಗೇ.

ಅರ್ಜಿಗೆ ಲಗತ್ತಿಸಿದ್ದು ಐದು ಹಾಳೆ, ನಾಲ್ಕು CMP-08, ಬ್ಯಾಂಕ್ ಪುಟಗಳು, ಮತ್ತು ಈ ತೆರಿಗೆಯನ್ನು ಗಿರಾಕಿಗಳಿಂದ ವಸೂಲಿ ಮಾಡಿಲ್ಲ ಎಂಬ ಸ್ವಯಂ ಘೋಷಣೆ. ಕಾಂಪೋಸಿಷನ್‌ನವರು ಬಿಲ್ಲಿನಲ್ಲಿ ತೆರಿಗೆ ಹಾಕುವಂತೆಯೇ ಇಲ್ಲವಾದ್ದರಿಂದ ಈ ಮಾತಿಗೆ ತಕರಾರು ಬರುವುದಿಲ್ಲ. ಎರಡು ಲಕ್ಷದೊಳಗೆ ಘೋಷಣೆ ಸಾಕು, ದಾಟಿದರೆ ಸಿ.ಎ. ಸರ್ಟಿಫಿಕೇಟ್ ಬೇಕು. ಕೇಂದ್ರ, ರಾಜ್ಯ ಒಂದೊಂದರ ಕೆಳಗೂ 1,000ಕ್ಕಿಂತ ಕಡಿಮೆ ಇದ್ದರೆ ಕೊಡುವುದಿಲ್ಲ.

ಹತ್ತನೇ ದಿನ, ಜುಲೈ 19ಕ್ಕೆ ಅರ್ಜಿಯ ಕೊರತೆ ತಿಳಿಸುವ RFD-03 ಬಂತು: ಹಾಳೆಗಳ ಸ್ಕ್ಯಾನ್ ಓದಲು ಬರುತ್ತಿಲ್ಲ. RFD-03 ಬಂದರೆ ಹೊಸದಾಗಿಯೇ ಅರ್ಜಿ ಹಾಕಬೇಕು, ಅಷ್ಟರಲ್ಲಿ ಜುಲೈ 17 ದಾಟಿಹೋಗಿತ್ತು. ಅರ್ಜಿ ಹಾಕಿದ ದಿನದಿಂದ RFD-03 ಬರುವವರೆಗಿನ ದಿನಗಳನ್ನು ಎರಡು ವರ್ಷದ ಲೆಕ್ಕಕ್ಕೆ ಹಿಡಿಯಬಾರದು ಎಂಬ ನಿಯಮ 2021ರ ಮೇನಿಂದ ಇದೆ. ಆ ಹತ್ತು ದಿನ ಸೇರಿಸಿದರೆ ನನ್ನ ಗಡುವು ಜುಲೈ 27. ಹಾಳೆಗಳನ್ನು ಫೋನ್‌ನಲ್ಲಿ ಫೋಟೋ ಹೊಡೆಯುವ ಬದಲು ಟೈಪ್ ಮಾಡಿಸಿ, ಜುಲೈ 22ಕ್ಕೆ ಮತ್ತೆ ಹಾಕಿದೆ, ಜೊತೆಗೆ ಈ ದಿನಗಳ ಲೆಕ್ಕವನ್ನೂ ಒಂದು ಪ್ಯಾರಾದಲ್ಲಿ ಬರೆದೆ.

ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: ಅಕ್ಕಿ ಬಿಡಿಯಾಗಿಯೇ ಹೋಯಿತು ಎನ್ನಲು ಏನು ಆಧಾರ? 26ರ ಚೀಲದ ತೂಕ ನಮೂದಾಗಿದ್ದ ಮಂಡಿ ಬಿಲ್ಲುಗಳನ್ನು ಮುಂದಿಟ್ಟೆ. 25ರ ಚೀಲಗಳಿಗೆ ನನ್ನಲ್ಲಿದ್ದದ್ದು ಉದ್ರಿ ಪುಸ್ತಕ, ಅದರಲ್ಲಿ ಎರಡು, ಐದು ಕೆ.ಜಿ. ಎಂದು ಬರೆದ ಸಾಲುಗಳು. ಅವನ್ನು ಒಪ್ಪಿದರು. RFD-06 ಆದೇಶವಾದ ಮೇಲೆ ದುಡ್ಡು ಎರಡು ಕಂತಾಗಿ ಖಾತೆಗೆ ಬಂತು, 14,140, ಮತ್ತೆ 14,140. ಈಗ ಹೊಲಿಗೆ ಬಿಚ್ಚದೆ ಹೋದ 25ರ ಚೀಲಕ್ಕೆ ಮಾತ್ರ ಗಲ್ಲಾದ ಪಕ್ಕದ ಕ್ಯಾಲೆಂಡರಿನಲ್ಲಿ ಆಯಾ ದಿನದ ಮೇಲೆ ಒಂದು ಗೀಟು ಎಳೆಯುತ್ತೇನೆ. ಕೈಸಾಲದ ದುಡ್ಡನ್ನು ಅಂಗಡಿಯ ಸ್ಕ್ಯಾನರ್‌ಗೆ ಹಾಕಿಸಿಕೊಳ್ಳುವುದಿಲ್ಲ.