ಶಾಖ ಕವಚ: ಸುಡಬೇಕು, ಸಿಡಿಯಬಾರದು

2022ರ ಡಿಸೆಂಬರ್ 11ರಂದು ಚಂದ್ರನ ಕಡೆಗೆ ಹೋಗಿದ್ದ ನಾಸಾದ ಓರಾಯನ್ ನೌಕೆ ಪೆಸಿಫಿಕ್ ಸಾಗರಕ್ಕೆ ಬಂದಿಳಿಯಿತು. ಒಳಗೆ ಜನ ಇರಲಿಲ್ಲ. ಆಮೇಲೆ ತಳ ನೋಡಿದರೆ, ಶಾಖ ಕವಚದ ಸುಟ್ಟ ಪದರ ನೂರಕ್ಕೂ ಹೆಚ್ಚು ಕಡೆ ಚಕ್ಕೆ ಎದ್ದು ಹೋಗಿತ್ತು. ಕವಚ ಸುಡುವುದು ಇದ್ದದ್ದೇ. ಆದರೆ ಹೀಗಲ್ಲ.

ಮೊದಲು ಈ ಬಿಸಿ ಎಲ್ಲಿಂದ ಬರುತ್ತದೆ ನೋಡೋಣ. ಓರಾಯನ್ ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ವೇಗದಲ್ಲಿ ವಾತಾವರಣಕ್ಕೆ ನುಗ್ಗುತ್ತದೆ. ಆ ವೇಗದಲ್ಲಿ ನೌಕೆಯ ಒಂದೊಂದು ಕಿಲೋ ತೂಕದಲ್ಲೂ 20 ಲೀಟರಿಗಿಂತ ಜಾಸ್ತಿ ನೀರನ್ನು ಕುದಿಸಿ ಆವಿ ಮಾಡಿಬಿಡುವಷ್ಟು ಶಕ್ತಿ ಇರುತ್ತದೆ. ಗಾಳಿಯ ಉಜ್ಜಾಟದಿಂದ ಬಿಸಿಯಾಗುತ್ತದೆ ಅಂತ ಸುಮ್ನೆ ಹೇಳಿಬಿಡುತ್ತೇವೆ. ಅದಕ್ಕಿಂತ ದೊಡ್ಡ ಕಾರಣ, ಪಕ್ಕಕ್ಕೆ ಸರಿಯಲು ಸಮಯ ಸಿಗದೆ ಮುಂದಿನ ಗಾಳಿ ಅದುಮಿಕೊಳ್ಳುವುದು. ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುತ್ತದಲ್ವಾ, ಹಾಗೆ.

ಅದಕ್ಕೇ ನೌಕೆ ಚೂಪು ಮೂತಿಯ ಬದಲು ಅಗಲವಾದ ತಳವನ್ನು ಮುಂದೆ ಮಾಡಿ ಇಳಿಯುತ್ತದೆ. ಆಗ ಅದುಮಿದ ಗಾಳಿಯ ಪದರ ತಳಕ್ಕೆ ಅಂಟಿಕೊಳ್ಳದೆ ಸ್ವಲ್ಪ ಮುಂದೆ ನಿಲ್ಲುತ್ತದೆ. ಬಹುಪಾಲು ಶಾಖ ಗಾಳಿಯ ಜೊತೆಗೇ ಹರಿದುಹೋಗುತ್ತದೆ.

ಉಳಿದದ್ದು ಕವಚದ ಪಾಲು. ಓರಾಯನ್ ಕವಚ 5 ಮೀಟರ್ ಅಗಲ. ಅದರ ಮೇಲೆ ಅವ್ಕೋಟ್ ಎಂಬ ವಸ್ತುವಿನ 186 ತುಂಡುಗಳನ್ನು ಅಂಟಿಸಿದ್ದಾರೆ. ಹೊರಮೈ ಸುಮಾರು 2,760 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅವ್ಕೋಟ್ ಕರಕಲಾಗಿ, ಇದ್ದಿಲಿನಂಥ ಪದರ ಕಟ್ಟುತ್ತದೆ. ಒಳಗೆ ಹುಟ್ಟಿದ ಅನಿಲ ಆ ಪದರದ ಸಣ್ಣ ರಂಧ್ರಗಳಿಂದ ಹೊರಬಂದು, ಬಿಸಿ ಗಾಳಿಯನ್ನು ಆಚೆ ತಳ್ಳುತ್ತದೆ. ಹೊರಮೈ ಚೂರುಚೂರೇ ಸವೆಯುತ್ತ ಶಾಖವನ್ನೂ ಒಯ್ಯುತ್ತದೆ.

ಎಡವಟ್ಟಾದದ್ದು ಈ ಅನಿಲ ಹೊರಬರುವ ಜಾಗದಲ್ಲೇ. ಓರಾಯನ್ ಒಂದೇ ಸಲಕ್ಕೆ ಇಳಿಯಲಿಲ್ಲ. ಕೆರೆಗೆ ಎಸೆದ ಚಪ್ಪಟೆ ಕಲ್ಲಿನ ಹಾಗೆ ಒಮ್ಮೆ ವಾತಾವರಣಕ್ಕೆ ಅದ್ದಿ, ಮೇಲೆದ್ದು, ಮತ್ತೆ ಇಳಿಯಿತು. ನಡುವಿನ ಆ ಹೊತ್ತಿನಲ್ಲಿ ಹೊರಗಿನ ಬಿಸಿ ತಗ್ಗಿ, ಕರಕಲು ಪದರ ಕಟ್ಟುವುದು ನಿಧಾನವಾಯಿತು. ಒಳಗೆ ಮಾತ್ರ ಶಾಖ ಉಳಿದು ಅನಿಲ ಹುಟ್ಟುತ್ತಲೇ ಇತ್ತು. ಚುಚ್ಚದೆ ಕೆಂಡಕ್ಕಿಟ್ಟ ಬದನೆಕಾಯಿ ಏನಾಗುತ್ತದೆ ಅಂತ ಅಡುಗೆ ಮಾಡುವವರಿಗೆ ಗೊತ್ತು. ಒತ್ತಡ ಏರಿ ಪದರ ಬಿರುಕು ಬಿಟ್ಟಿತು, ಚಕ್ಕೆ ಹಾರಿತು.

ನೆಲದ ಮೇಲಿನ ಪರೀಕ್ಷೆಗಳಲ್ಲಿ ಇದು ಕಾಣಲಿಲ್ಲ ಯಾಕೆ? ಅಲ್ಲಿ ಬಿಸಿ ಇನ್ನೂ ಜಾಸ್ತಿ ಇಟ್ಟಿದ್ದರು. ಜಾಸ್ತಿ ಬಿಸಿಯಲ್ಲಿ ರಂಧ್ರಗಳಿರುವ ಪದರ ಸರಿಯಾಗಿ ಕಟ್ಟಿತು, ಅನಿಲಕ್ಕೆ ದಾರಿ ಸಿಕ್ಕಿತು. ಕಠಿಣ ಪರೀಕ್ಷೆ ಪಾಸಾದರೆ ಸುಲಭದ್ದೂ ಆಗುತ್ತದೆ ಅನ್ನುವ ಲೆಕ್ಕ ಇಲ್ಲಿ ತಿರುಗುಮುರುಗಾಯಿತು. ಆಮೇಲೆ ಹಾರಾಟದಲ್ಲಿ ಕಂಡ ಕಡಿಮೆ ಬಿಸಿಯನ್ನೇ ಕೊಟ್ಟು ಪರೀಕ್ಷಿಸಿದಾಗ ಬಿರುಕು ಕಾಣಿಸಿತು. ಮರಳಿ ಬಂದ ಕವಚದಲ್ಲೂ ಅನಿಲ ಸುಲಭವಾಗಿ ಹಾಯಬಲ್ಲ ಕೆಲವು ಜಾಗಗಳಿದ್ದವು. ಅಲ್ಲಿ ಚಕ್ಕೆ ಎದ್ದಿರಲಿಲ್ಲ.

ಇಷ್ಟೆಲ್ಲ ಆಗುವಾಗ ಕ್ಯಾಬಿನ್ ಒಳಗಿನ ಬಿಸಿ ಸುಮಾರು 25 ಡಿಗ್ರಿ ಅಷ್ಟೇ. 2024ರ ಡಿಸೆಂಬರ್‌ನಲ್ಲಿ ನಾಸಾ ಕಾರಣ ಹೇಳಿತು. ಮುಂದಿನ ಹಾರಾಟಕ್ಕೆ ಜೋಡಿಸಿದ್ದ ಕವಚವನ್ನು ಬದಲಿಸದೆ, ಇಳಿಯುವ ದಾರಿಯನ್ನೇ ಗಿಡ್ಡ ಮಾಡಲು ತೀರ್ಮಾನಿಸಿತು.