ಮೊದಲು ಡಾಲರ್ ಮುಗಿಯಲಿ, ಆಮೇಲೆ ರೂಪಾಯಿ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡಿ ಅಮೆರಿಕಕ್ಕೆ ಕಳಿಸುವ ಒಂದು ಸಣ್ಣ ಕಂಪನಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಅಲ್ಲಿ ಇನ್‌ವಾಯ್ಸ್ ಡಾಲರ್‌ನಲ್ಲಿ ಏಳುತ್ತದೆ, ಪುಸ್ತಕ ರೂಪಾಯಿಯಲ್ಲಿ ನಡೆಯುತ್ತದೆ. ಬಿಲ್ ಮಾಡಿದ ದಿನದ ದರ ಒಂದು, ಹಣ ಬಂದ ದಿನದ ದರ ಇನ್ನೊಂದು. ಇವೆರಡರ ಅಂತರವನ್ನು ಲಾಭನಷ್ಟಕ್ಕೆ ಹಾಕಬೇಕು ಎಂಬುದು ಎಲ್ಲರಿಗೂ ಗೊತ್ತು. ತೊಡಕು ಇರುವುದು ಬೇರೆ ಕಡೆ. ಬ್ಯಾಂಕಿಗೆ ಕಡಿಮೆ ಬಂದದ್ದೆಲ್ಲ ವಿನಿಮಯ ನಷ್ಟವಲ್ಲ. ಅದರೊಳಗೆ ಬ್ಯಾಂಕ್ ಶುಲ್ಕ, ಜಿಎಸ್‌ಟಿ, ಕೆಲವೊಮ್ಮೆ ಗಿರಾಕಿ ಉಳಿಸಿಕೊಂಡ ಹಣ, ಎಲ್ಲ ಸೇರಿರುತ್ತದೆ. ಅದನ್ನು ಬಿಡಿಸುವ ನನ್ನ ಕ್ರಮ ಒಂದೇ: ಪಾರ್ಟಿಯ ಲೆಡ್ಜರಿನಲ್ಲಿ ಮೊದಲು ಡಾಲರ್ ಸೊನ್ನೆಗೆ ಬರಬೇಕು. ಆಮೇಲೂ ಉಳಿದ ರೂಪಾಯಿ ಎಷ್ಟೋ ಅಷ್ಟೇ ವಿನಿಮಯ ವ್ಯತ್ಯಾಸ.

ಒಂದು ಇನ್‌ವಾಯ್ಸ್ ಹಿಡಿದು ನೋಡೋಣ. ಲೆಕ್ಕ ಹಗುರಾಗಲಿ ಎಂದು ದರಗಳನ್ನು ದುಂಡಗೆ ಇಟ್ಟಿದ್ದೇನೆ. ಫೆಬ್ರವರಿಯಲ್ಲಿ 20,000 ಡಾಲರಿನ ಮಾಲು ಹೋಯಿತು, ಆ ದಿನದ ದರ 87 ರೂಪಾಯಿ. ಪಾರ್ಟಿಗೆ ಡೆಬಿಟ್ 17,40,000, ಮಾರಾಟಕ್ಕೆ ಕ್ರೆಡಿಟ್ 17,40,000. ಮಾರಾಟದ ಅಂಕಿ ಇಲ್ಲಿಗೆ ಮುಗಿಯಿತು, ಮುಂದೆ ದರ ಏನಾದರೂ ಅದನ್ನು ಮುಟ್ಟುವುದಿಲ್ಲ. ದರ ಇಳಿದು ಹಣ ಕಡಿಮೆ ಬಂತೆಂದು ಕ್ರೆಡಿಟ್ ನೋಟ್ ಹಾಕಿ ಮಾರಾಟ ಇಳಿಸಿದವರನ್ನು ಕಂಡಿದ್ದೇನೆ. ಗಿರಾಕಿ ಬೆಲೆಯಲ್ಲಿ ಒಂದು ಸೆಂಟೂ ಕಡಿಮೆ ಮಾಡಿಸಿಕೊಂಡಿಲ್ಲ ಎಂದಮೇಲೆ ಕ್ರೆಡಿಟ್ ನೋಟ್ ಯಾಕೆ?

ಇದೇ ಸರಕಿನ ಶಿಪ್ಪಿಂಗ್ ಬಿಲ್ಲಿನಲ್ಲಿ ದರ 86.50 ಎಂದಿತ್ತು. ಅದು ಕಸ್ಟಮ್ಸ್ ಪ್ರಕಟಿಸುವ ದರ, ಸುಮಾರು ಹದಿನೈದು ದಿನಕ್ಕೊಮ್ಮೆ ಬದಲಾಗುತ್ತದೆ. ಸರಕಿನ ರಫ್ತಿಗೆ ಜಿಎಸ್‌ಟಿ ನಿಯಮ 34 ಕೇಳುವುದು ಈ ದರವನ್ನೇ. ಹಾಗಾಗಿ ಜಿಎಸ್‌ಟಿಆರ್-1ರಲ್ಲಿ 17,30,000, ಪುಸ್ತಕದಲ್ಲಿ 17,40,000. ಈ ತಾಪತ್ರಯವೇ ಬೇಡವೆಂದು ಕೆಲವರು ಪುಸ್ತಕಕ್ಕೂ ಕಸ್ಟಮ್ಸ್ ದರವನ್ನೇ ಹಾಕುತ್ತಾರೆ. ಲೆಕ್ಕಪತ್ರ ಮಾನದಂಡ ಎಎಸ್ 11 ದರ ಹೆಚ್ಚು ಏರಿಳಿಯದಿದ್ದರೆ ವಾರದ ಅಥವಾ ತಿಂಗಳ ಸರಾಸರಿಯನ್ನೂ ಒಪ್ಪುವುದರಿಂದ ಬಹಳ ಆಡಿಟರುಗಳು ಅದಕ್ಕೆ ತಕರಾರು ಮಾಡುವುದಿಲ್ಲ. ನನಗೆ ಮಾತ್ರ ಎಫ್‌ಬಿಐಎಲ್ ಪ್ರಕಟಿಸುವ ಆಯಾ ದಿನದ ಉಲ್ಲೇಖ ದರವೇ ಇಷ್ಟ. ರೂಪಾಯಿ ಒಂದೇ ವಾರದಲ್ಲಿ ಜೋರಾಗಿ ಓಡಾಡಿದಾಗ ಹಳೆಯ ಪ್ರಕಟಿತ ದರವನ್ನು ಸಮರ್ಥಿಸುವುದು ಕಷ್ಟ. ಎರಡು ಅಂಕಿಗಳನ್ನೂ ಇನ್‌ವಾಯ್ಸ್‌ವಾರು ಒಂದು ಹಾಳೆಯಲ್ಲಿ ಬರೆದಿಟ್ಟರೆ ವರ್ಷದ ಕೊನೆಗೆ ಜಿಎಸ್‌ಟಿಆರ್-9ಸಿಯಲ್ಲಿ ಈ ಹತ್ತು ಸಾವಿರ ಎಲ್ಲಿಯದು ಎಂದು ಹುಡುಕಬೇಕಿಲ್ಲ. ವಿದೇಶಿ ವಿನಿಮಯದ ವ್ಯತ್ಯಾಸಕ್ಕೆಂದೇ ಅದರಲ್ಲಿ ಒಂದು ಸಾಲು ಇದೆ.

ಮಾರ್ಚ್ 31ಕ್ಕೆ ಹಣ ಇನ್ನೂ ಬಂದಿರಲಿಲ್ಲ. ಆ ದಿನದ ದರ 85.50. ಬರಬೇಕಾದ 20,000 ಡಾಲರಿನ ಬೆಲೆ ಈಗ 17,10,000. ವಿನಿಮಯ ವ್ಯತ್ಯಾಸಕ್ಕೆ ಡೆಬಿಟ್ 30,000, ಪಾರ್ಟಿಗೆ ಕ್ರೆಡಿಟ್ 30,000. ಈ ನಮೂದಿಗೆ ಮಾಲೀಕರ ಆಕ್ಷೇಪ ಇದ್ದೇ ಇರುತ್ತದೆ: “ಇನ್ನೂ ದುಡ್ಡೇ ಬಂದಿಲ್ಲ ಸರ್, ಈಗಲೇ ನಷ್ಟ ಯಾಕೆ ತೋರಿಸ್ತೀರಿ? ಏಪ್ರಿಲ್‌ನಲ್ಲಿ ಡಾಲರ್ ಏರಬಹುದಲ್ಲ?” ಏರಬಹುದು. ಏರಿದರೆ ಅದು ಮುಂದಿನ ವರ್ಷದ ಲಾಭ. ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸಬೇಕಾದದ್ದು ಆ ದಿನದ ಬೆಲೆಯನ್ನು ಮಾತ್ರ. ಏಪ್ರಿಲ್ 1ಕ್ಕೆ ಈ ನಮೂದನ್ನು ತಿರುಗಿಸಿ ಹಾಕುವ ಪದ್ಧತಿಯೂ ಇದೆ, ನಾನು ಹಾಗೆ ಮಾಡುವುದಿಲ್ಲ. ತಿರುಗಿಸಿದರೆ ಹೊಸ ವರ್ಷದ ಮೊದಲ ದಿನವೇ ಮೂವತ್ತು ಸಾವಿರದ ಲಾಭ ಕಾಣಿಸಿ, ಹಣ ಬಂದಾಗ ದೊಡ್ಡ ನಷ್ಟ ಕಾಣಿಸುತ್ತದೆ. ಮೊತ್ತ ಕೊನೆಗೆ ಒಂದೇ ಆದರೂ ತಿಂಗಳವಾರು ನೋಡುವವರಿಗೆ ಗೊಂದಲ.

ಏಪ್ರಿಲ್ ಕೊನೆಗೆ ಬ್ಯಾಂಕ್ ಖಾತೆಗೆ 16,99,148 ರೂಪಾಯಿ ಜಮೆಯಾಯಿತು. 17,40,000ದಿಂದ ಇದನ್ನು ಕಳೆದು 40,852 ರೂಪಾಯಿಯನ್ನು ವಿನಿಮಯ ನಷ್ಟ ಎಂದು ಬರೆದುಬಿಡುವುದು ಸುಲಭ, ಎಷ್ಟೋ ಕಡೆ ನಡೆಯುವುದೂ ಅದೇ. ನಾನು ಬ್ಯಾಂಕಿನಿಂದ ಎರಡು ಕಾಗದ ತರಿಸುತ್ತೇನೆ: ಹಣ ಬಂದ ಅಡ್ವೈಸ್ ಮತ್ತು ಸ್ವಿಫ್ಟ್ ಸಂದೇಶದ ಪ್ರತಿ. ಗಿರಾಕಿ ಕಳಿಸಿದ್ದು 20,000 ಡಾಲರ್, ನಮ್ಮ ಬ್ಯಾಂಕಿಗೆ ತಲುಪಿದ್ದು 19,970 ಎಂದು ಸ್ವಿಫ್ಟ್ ಪ್ರತಿ ಹೇಳುತ್ತದೆ. ಆ 30 ಡಾಲರ್ ನಡುವಿನ ಬ್ಯಾಂಕ್ ಮುರಿದುಕೊಂಡದ್ದು. ಗಿರಾಕಿ ಕಳಿಸಿದ ಮೊತ್ತವೇ 19,970 ಎಂದಿದ್ದರೆ ಆ 30 ಡಾಲರ್ ಅವನ ಬಾಕಿ, ಲೆಡ್ಜರಿನಲ್ಲಿ ಉಳಿಯಬೇಕು. ಸ್ವಿಫ್ಟ್ ನೋಡದೆ ಇದನ್ನು ತೀರ್ಮಾನಿಸಲಾಗದು.

ನಮ್ಮ ಬ್ಯಾಂಕ್ 19,970 ಡಾಲರನ್ನು 85.20ಕ್ಕೆ ಕೊಂಡಿತು, 17,01,444 ರೂಪಾಯಿ. ಅದರಲ್ಲಿ ಶುಲ್ಕ 1,000, ಅದರ ಮೇಲೆ ಜಿಎಸ್‌ಟಿ 180. ಇವಲ್ಲದೆ ಇನ್ನೊಂದು 1,116 ರೂಪಾಯಿ ಕಡಿತವಿತ್ತು. ಅದು ಕರೆನ್ಸಿ ಬದಲಾಯಿಸಿದ ಸೇವೆಯ ಮೇಲಿನ ಜಿಎಸ್‌ಟಿ. ಬ್ಯಾಂಕ್ ಬೇರೆ ಶುಲ್ಕ ಹಾಕದಿದ್ದರೂ ನಿಯಮ 32ರ ಪ್ರಕಾರ ಸೇವೆಗೊಂದು ಮೌಲ್ಯ ಕಟ್ಟುತ್ತಾರೆ: ಹತ್ತು ಲಕ್ಷ ದಾಟಿದರೆ 5,500 ರೂಪಾಯಿ, ಜೊತೆಗೆ ದಾಟಿದ ಮೊತ್ತದ ಶೇಕಡಾ 0.1. ನಮಗೆ ಅದು ಸುಮಾರು 6,201, ಅದರ ಶೇಕಡಾ 18 ಈ 1,116.

ಈಗ ರಸೀದಿ ನಮೂದು. ಪಾರ್ಟಿಗೆ ಪೂರ್ತಿ 20,000 ಡಾಲರ್ ಕ್ರೆಡಿಟ್, 85.20ರಂತೆ 17,04,000. ಎದುರಿಗೆ ಬ್ಯಾಂಕಿಗೆ ಡೆಬಿಟ್ 16,99,148. ಬ್ಯಾಂಕ್ ಶುಲ್ಕಕ್ಕೆ 3,556, ಅಂದರೆ ಮೂವತ್ತು ಡಾಲರಿನ 2,556 ಮತ್ತು ನಮ್ಮ ಬ್ಯಾಂಕಿನ 1,000. ಇನ್‌ಪುಟ್ ಜಿಎಸ್‌ಟಿಗೆ 1,296. ಪಾರ್ಟಿಯಲ್ಲಿ ಡಾಲರ್ ಸೊನ್ನೆಯಾಯಿತು, ರೂಪಾಯಿ 6,000 ಡೆಬಿಟ್ ಉಳಿಯಿತು. ಅಷ್ಟನ್ನೇ ವಿನಿಮಯ ವ್ಯತ್ಯಾಸಕ್ಕೆ ಜರ್ನಲ್ ಹಾಕಿದೆ. ಎರಡು ವರ್ಷ ಸೇರಿ ನಿಜವಾದ ವಿನಿಮಯ ನಷ್ಟ 36,000. ಸುಲಭದ ದಾರಿ ಹಿಡಿದಿದ್ದರೆ 1,296 ರೂಪಾಯಿಯ ಜಿಎಸ್‌ಟಿ ಕ್ರೆಡಿಟ್ ಕೈಬಿಡುತ್ತಿತ್ತು. ಒಂದು ಇನ್‌ವಾಯ್ಸಿಗೆ ಸಣ್ಣದು, ವರ್ಷವಿಡೀ ರಫ್ತು ಮಾಡುವವನಿಗೆ ಸಣ್ಣದಲ್ಲ.

ಟ್ಯಾಲಿಯಲ್ಲಿ ಇದಕ್ಕೆ ಪಾರ್ಟಿಯ ಲೆಡ್ಜರಿನ ಕರೆನ್ಸಿ ಡಾಲರ್ ಇರಬೇಕು, ಬಿಲ್‌ವಾರು ವಿವರ ಚಾಲೂ ಇರಬೇಕು. ಎಲ್ಲ ನಮೂದನ್ನೂ ರೂಪಾಯಿಯಲ್ಲೇ ಹಾಕಿದರೆ ಡಾಲರಿನ ಜಾಡೇ ಉಳಿಯುವುದಿಲ್ಲ. ದರಗಳನ್ನು ಬರೆಯುತ್ತ ಹೋದಂತೆ ಬ್ಯಾಲೆನ್ಸ್ ಶೀಟಿನಲ್ಲಿ `Unadjusted Forex Gain/Loss` ಎಂಬ ಸಾಲು ಕಾಣಿಸಿಕೊಳ್ಳುತ್ತದೆ. ಜರ್ನಲ್ ಹಾಕಿಲ್ಲ ಎಂಬುದರ ಗುರುತು ಅದು. ಆಡಿಟಿಗೆ ಕೊಡುವ ಮುನ್ನ ಆ ಸಾಲು ಇಲ್ಲದಾಗಬೇಕು. ಆದರೆ ಅದರಲ್ಲಿ ಕಂಡ ಅಂಕಿಯನ್ನು ಕಣ್ಣುಮುಚ್ಚಿ ಜರ್ನಲ್ ಮಾಡುವುದೂ ಸರಿಯಲ್ಲ. ಯಾವುದೋ ರಸೀದಿಯಲ್ಲಿ ದರ 85.20ರ ಬದಲು 82.50 ಎಂದು ಬೆರಳು ತಪ್ಪಿದ್ದರೆ ಅದೂ ಅಲ್ಲೇ ಕೂತಿರುತ್ತದೆ. ಒಂದೊಂದು ಬಿಲ್ಲಿನ ವ್ಯತ್ಯಾಸವನ್ನು ಡಾಲರಿನಿಂದ ಭಾಗಿಸಿ ನೋಡುತ್ತೇನೆ. ಡಾಲರಿಗೆ ಒಂದೂವರೆ, ಎರಡು ರೂಪಾಯಿ ಎಂದು ಬಂದರೆ ಆ ಅವಧಿಯ ದರದೊಂದಿಗೆ ಹೋಲಿಸಿ ಬಿಡಬಹುದು. ಮೂರ್ನಾಲ್ಕು ರೂಪಾಯಿ ಎಂದು ಬಂದರೆ ವೋಚರ್ ತೆಗೆದು ನೋಡಲೇಬೇಕು.

ಮುಂಗಡ ಬಂದಾಗ ಮಾತ್ರ ದಾರಿ ಬೇರೆ. ಆರ್ಡರಿನ ಜೊತೆ 5,000 ಡಾಲರ್ 84ರ ದರದಲ್ಲಿ ಬಂದು ಮಾರ್ಚ್ 31ಕ್ಕೆ ಮಾಲು ಹೋಗಿಲ್ಲ ಎಂದುಕೊಳ್ಳಿ. ನಾವು ಕೊಡಬೇಕಾದದ್ದು ಮಾಲು, ಹಣವಲ್ಲ, ಹಾಗಾಗಿ ಆ ಬಾಕಿಯನ್ನು ಹೊಸ ದರಕ್ಕೆ ತರುವುದಿಲ್ಲ. ಮಾಲು ಕಳಿಸಿದಾಗ ಮಾರಾಟದಲ್ಲಿ ಆ 5,000 ಡಾಲರಿನ ಭಾಗ 84ರಲ್ಲೇ ಬರುತ್ತದೆ, ಉಳಿದದ್ದು ಆ ದಿನದ ದರದಲ್ಲಿ. ಆರ್ಡರ್ ರದ್ದಾಗಿ ಮುಂಗಡ ವಾಪಸು ಕೊಡಬೇಕಾಗಿ ಬಂದರೆ ಅದು ಹಣದ ಸಾಲವಾಗುತ್ತದೆ, ಅಲ್ಲಿಂದ ಮುಂದೆ ಅದಕ್ಕೂ ವರ್ಷದ ಕೊನೆಯ ದಿನದ ದರ ಹಾಕಬೇಕು.